ಒಬ್ಬರ ಹಲವು ಫೋಟೊಗಳಿಂದ ಒಂದು ಗುರುತು: ಯಾವ ಫೋಟೊಗೆ ಎಷ್ಟು ತೂಕ?

(ಯಂತ್ರಕಲಿಕೆಯನ್ನು ಅಭ್ಯಾಸ ಮಾಡುತ್ತಿರುವವರ ಎದುರು ನೀಡಿದ ಉಪನ್ಯಾಸದ ಬರಹ ರೂಪ. ಅಂದು ಹಲಗೆಯ ಮೇಲೆ ಬಿಡಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳೊಳಗೇ ಸೇರಿಸಿದ್ದೇನೆ.)

ಒಬ್ಬ ವ್ಯಕ್ತಿಯ ಹಲವು ಫೋಟೊಗಳು ನಮ್ಮ ಕೈಯಲ್ಲಿವೆ ಎಂದುಕೊಳ್ಳೋಣ. ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ, ಮದುವೆ ಮನೆಯಲ್ಲಿ ಒಂದರ ಹಿಂದೊಂದು ಕ್ಲಿಕ್ಕಿಸಿದ ಕೆಲವು, ಕತ್ತಲಲ್ಲಿ ತೆಗೆದ ಗುಂಪಿನ ಚಿತ್ರವೊಂದು, ಕಾಲೇಜಿನ ಹಳೆಯ ಗುರುತಿನ ಚೀಟಿ ಒಂದು. ಇವೆಲ್ಲವನ್ನೂ ಸೇರಿಸಿ ಆ ವ್ಯಕ್ತಿಯನ್ನು ಪ್ರತಿನಿಧಿಸುವ ಒಂದೇ ವೆಕ್ಟರ್ ತಯಾರಿಸಬೇಕಾಗಿದೆ. ಈ ಕ್ಷೇತ್ರದಲ್ಲಿ ಅದನ್ನು ಟೆಂಪ್ಲೇಟ್ ಎನ್ನುತ್ತಾರೆ. ಮುಖ ಗುರುತಿಸುವ ಆರ್ಕ್‌ಫೇಸ್ ಬಗೆಯ ಮಾದರಿಗಳು ಕಣ್ಣು, ಮೂಗು ಮತ್ತು ಬಾಯಿಯ ಅಂಚುಗಳ ಐದು ಬಿಂದುಗಳನ್ನು ಹಿಡಿದು ಮುಖವನ್ನು ನೇರಗೊಳಿಸಿ, 112×112 ಪಿಕ್ಸೆಲ್‌ಗೆ ತಂದು, ಅದರಿಂದ 512 ಸಂಖ್ಯೆಗಳ ಒಂದು ಎಂಬೆಡಿಂಗ್ ಕೊಡುತ್ತವೆ. ಎರಡು ಎಂಬೆಡಿಂಗ್‌ಗಳ ನಡುವಿನ ಕೋನದ ಕೊಸೈನ್ 1ಕ್ಕೆ ಹತ್ತಿರವಾದಷ್ಟೂ ಮುಖಗಳು ಒಬ್ಬರವೇ ಎಂಬ ನಂಬಿಕೆ ಹೆಚ್ಚುತ್ತದೆ. ಅಪರಿಚಿತರಿಬ್ಬರ ನಡುವೆ ಅದು ಸೊನ್ನೆಯ ಆಸುಪಾಸಿನಲ್ಲಿರುತ್ತದೆ. 512 ಆಯಾಮಗಳಲ್ಲಿ ಮನಬಂದಂತೆ ಆರಿಸಿದ ಎರಡು ದಿಕ್ಕುಗಳ ಕೊಸೈನ್ ಸೊನ್ನೆಯಿಂದ ಆಚೀಚೆ ತೂಗುವ ಪ್ರಮಾಣ ಸುಮಾರು 0.044. ಈ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸರಾಸರಿ ಏಕೆ ಕೆಲಸ ಮಾಡುತ್ತದೆ ಎಂಬುದರಿಂದ ಆರಂಭಿಸುತ್ತೇನೆ. ಪ್ರತಿ ಫೋಟೊದ ಎಂಬೆಡಿಂಗ್‌ನಲ್ಲೂ ಎರಡು ಅಂಶಗಳಿರುತ್ತವೆ: ವ್ಯಕ್ತಿಗೆ ಸೇರಿದ ಗುರುತಿನ ಅಂಶ ಮತ್ತು ಆ ಹೊತ್ತಿನ ಬೆಳಕು, ಕೋನ, ಕನ್ನಡಕ, ನಗು ಮುಂತಾದವು ತಂದ ಸಂದರ್ಭದ ಅಂಶ. ಗುರುತಿನ ಅಂಶ ಎಲ್ಲ ಫೋಟೊಗಳಲ್ಲೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಸಂದರ್ಭದ ಅಂಶಗಳು ಬೇರೆ ಬೇರೆ ದಿಕ್ಕಿಗೆ ಎಳೆಯುವುದರಿಂದ ಕೂಡಿಸಿದಾಗ ಒಂದನ್ನೊಂದು ತಗ್ಗಿಸುತ್ತವೆ. ಬೇರೆ ಬೇರೆ ಸಂದರ್ಭಗಳ ಫೋಟೊಗಳ ನಡುವೆ ಕೊಸೈನ್ 0.6 ಇದ್ದರೆ, ಹೊಸದಾಗಿ ಬಂದ ಒಂದು ಫೋಟೊ ಒಂದೇ ಒಂದು ಹಳೆಯ ಫೋಟೊದೊಡನೆ 0.60 ಅಂಕ ಪಡೆಯುತ್ತದೆ. ಎರಡು ಫೋಟೊಗಳ ಸರಾಸರಿಯೊಡನೆ ಹೋಲಿಸಿದರೆ 0.67, ನಾಲ್ಕರೊಡನೆ 0.72, ಹತ್ತರೊಡನೆ 0.75. ಎಷ್ಟೇ ಫೋಟೊ ಸೇರಿಸಿದರೂ 0.6ರ ವರ್ಗಮೂಲವಾದ 0.775ನ್ನು ಅದು ದಾಟುವುದಿಲ್ಲ, ಏಕೆಂದರೆ ಹೊಸ ಫೋಟೊದೊಳಗೆ ಕುಳಿತ ಸಂದರ್ಭದ ಅಂಶವನ್ನು ಹಳೆಯ ಫೋಟೊಗಳಿಂದ ಕಳೆಯಲಾಗದು. ಲಾಭದ ಬಹುಪಾಲು ಮೊದಲ ನಾಲ್ಕೈದು ಫೋಟೊಗಳಲ್ಲೇ ಬಂದುಬಿಡುತ್ತದೆ. ಆದ್ದರಿಂದ ಇನ್ನಷ್ಟು ಫೋಟೊಗಳನ್ನು ಹುಡುಕುವುದಕ್ಕಿಂತ ಇರುವವುಗಳಿಗೆ ಎಷ್ಟೆಷ್ಟು ತೂಕ ಕೊಡಬೇಕೆಂದು ಯೋಚಿಸುವುದೇ ಹೆಚ್ಚು ಫಲ ಕೊಡುವ ಕೆಲಸ ಎಂಬುದು ನನ್ನ ಅಭಿಪ್ರಾಯ.

ನಾವು ತೂಕದ ಮಾತೆತ್ತದಿದ್ದರೂ ತೂಕ ಒಳಗೆ ನುಸುಳಿರಬಹುದು. ಮಾದರಿಯಿಂದ ನೇರವಾಗಿ ಹೊರಬರುವ ಎಂಬೆಡಿಂಗ್‌ಗಳ ಉದ್ದ ಒಂದೇ ಸಮನಾಗಿರುವುದಿಲ್ಲ. ಇನ್‌ಸೈಟ್‌ಫೇಸ್ ಗ್ರಂಥಾಲಯವನ್ನು ಬಳಸಿದವರಿಗೆ `embedding` ಮತ್ತು `normed_embedding` ಎಂಬ ಎರಡು ಹೆಸರುಗಳು ಗೊತ್ತಿರುತ್ತವೆ: ಮೊದಲನೆಯದು ಹಸಿ ವೆಕ್ಟರ್, ಎರಡನೆಯದು ಉದ್ದವನ್ನು 1ಕ್ಕೆ ತಂದದ್ದು. ಹಸಿ ವೆಕ್ಟರ್‌ಗಳನ್ನೇ ಕೂಡಿಸಿದರೆ ಉದ್ದವಾದವು ಸರಾಸರಿಯನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಮಸುಕಾದ ಚಿತ್ರಗಳ ವೆಕ್ಟರ್ ಸಾಮಾನ್ಯವಾಗಿ ಗಿಡ್ಡದಾಗಿರುವುದರಿಂದ ಇದು ಕೆಲವೊಮ್ಮೆ ಒಳ್ಳೆಯದನ್ನೇ ಮಾಡುತ್ತದೆ. 2021ರ ಮ್ಯಾಗ್‌ಫೇಸ್, ಉದ್ದವು ಗುಣಮಟ್ಟವನ್ನು ಸೂಚಿಸುವಂತೆ ಮಾದರಿಯನ್ನು ಬೇಕೆಂದೇ ಪಳಗಿಸಿತು. 2022ರ ಅಡಾಫೇಸ್ ತರಬೇತಿಯ ವೇಳೆ ಉದ್ದವನ್ನೇ ಗುಣಮಟ್ಟದ ಬದಲಿ ಅಳತೆಯಾಗಿ ಬಳಸಿತು. ಆದರೆ ಉದ್ದ ಗುಣಮಟ್ಟವನ್ನು ಹೇಳಲೇಬೇಕೆಂಬ ಒಪ್ಪಂದ ಇಲ್ಲದ ಮಾದರಿಯಲ್ಲಿ ಈ ತೂಕವನ್ನು ನಂಬುವುದು ಅದೃಷ್ಟವನ್ನು ನಂಬಿದಂತೆ. ಮೊದಲು ಎಲ್ಲವನ್ನೂ ಉದ್ದ 1ಕ್ಕೆ ತಂದು, ಆಮೇಲೆ ತೂಕ ಕೊಡಬೇಕೆನಿಸಿದರೆ ತಿಳಿದೇ ಕೊಡುವುದು ಸರಿಯಾದ ಕ್ರಮ.

ಈಗ ಮದುವೆ ಮನೆಯ ಫೋಟೊಗಳ ವಿಷಯಕ್ಕೆ ಬರೋಣ. ಅಲ್ಲಿ ಫೋಟೊಗಳ ಬದಲು ಒಂದು ಸಣ್ಣ ವಿಡಿಯೊ ಸಿಕ್ಕಿ, ಅದರಿಂದ 30 ಫ್ರೇಮುಗಳನ್ನು ತೆಗೆದಿದ್ದೇವೆ ಎನ್ನಿ. ಜೊತೆಗೆ ಬೇರೆ ಬೇರೆ ಸಂದರ್ಭಗಳ ಎರಡು ಫೋಟೊಗಳಿವೆ. ಫ್ರೇಮುಗಳ ನಡುವಿನ ಕೊಸೈನ್ 0.95, ಸಂದರ್ಭ ಬದಲಾದರೆ 0.5. ಮೂವತ್ತೆರಡನ್ನೂ ಸಮನಾಗಿ ಸರಾಸರಿ ಮಾಡಿದರೆ, ನಾಲ್ಕನೆಯ ಸಂದರ್ಭದಿಂದ ಬಂದ ಹೊಸ ಫೋಟೊ ಆ ಟೆಂಪ್ಲೇಟಿನೊಡನೆ ಪಡೆಯುವ ಅಂಕ 0.528. ಒಂದೇ ಒಂದು ಫೋಟೊ ಇಟ್ಟುಕೊಂಡಿದ್ದರೆ 0.5 ಸಿಗುತ್ತಿತ್ತು. ಅಂದರೆ ಮೂವತ್ತೆರಡು ಚಿತ್ರಗಳನ್ನು ಸೇರಿಸಿಯೂ ನಾವು ಹೆಚ್ಚುಕಡಿಮೆ ಇದ್ದಲ್ಲೇ ಇದ್ದೇವೆ. ಉಳಿದೆರಡು ಫೋಟೊಗಳ ದನಿ ಫ್ರೇಮುಗಳ ಗದ್ದಲದಲ್ಲಿ ಅಡಗಿಹೋಯಿತು. ಅದರ ಬದಲು ಮೊದಲು 30 ಫ್ರೇಮುಗಳ ಸರಾಸರಿ ತೆಗೆದು, ಉದ್ದವನ್ನು 1ಕ್ಕೆ ತಂದು, ಅದನ್ನು ಒಂದೇ ಫೋಟೊ ಎಂದು ಪರಿಗಣಿಸಿ ಉಳಿದೆರಡರೊಡನೆ ಸೇರಿಸಿದರೆ ಅದೇ ಹೊಸ ಫೋಟೊದ ಅಂಕ 0.615ಕ್ಕೆ ಏರುತ್ತದೆ. ಒಂದೇ ಮನೆಯ ಮೂವತ್ತು ಮಂದಿ ಒಂದೇ ಕಿಟಕಿಯಿಂದ ನೋಡಿದ್ದನ್ನು ಹೇಳಿದರೆ ಮೂವತ್ತು ಸಾಕ್ಷಿಗಳಾಗುವುದಿಲ್ಲವಲ್ಲ, ಹಾಗೆ.

ಇದು ನನ್ನ ಹೊಸ ಸಲಹೆಯೇನಲ್ಲ. ಒಬ್ಬ ವ್ಯಕ್ತಿಯನ್ನು ಸ್ಥಿರಚಿತ್ರ ಮತ್ತು ವಿಡಿಯೊ ಫ್ರೇಮುಗಳ ಗುಚ್ಛವಾಗಿ ಕೊಟ್ಟು ಪರೀಕ್ಷಿಸುವ ಐಜೆಬಿ ದತ್ತಸಂಚಯಗಳಲ್ಲಿ, ಎಂದರೆ 2015ರ ಐಜೆಬಿ-ಎ ಮತ್ತು ಅದರ ನಂತರದ ಬಿ, ಸಿ ಆವೃತ್ತಿಗಳಲ್ಲಿ, ಒಂದೇ ವಿಡಿಯೊದ ಫ್ರೇಮುಗಳನ್ನು ಮೊದಲು ತಮ್ಮೊಳಗೆ ಸರಾಸರಿ ಮಾಡಿ ಆಮೇಲೆ ಉಳಿದವುಗಳೊಡನೆ ಕೂಡಿಸುವುದು ರೂಢಿಯಾಗಿದೆ. ಪರೀಕ್ಷಾ ದತ್ತಾಂಶದಲ್ಲಿ ಯಾವ ಫ್ರೇಮು ಯಾವ ವಿಡಿಯೊದ್ದು ಎಂಬ ಗುರುತು ಇರುತ್ತದೆ. ನಮ್ಮ ಫೋನುಗಳಲ್ಲಿ ಅದಿರುವುದಿಲ್ಲ ಎಂಬುದೇ ತೊಡಕು. ಕ್ಯಾಮೆರಾದ ಮೂಲ ಕಡತದಲ್ಲಿ ತೆಗೆದ ಹೊತ್ತು ದಾಖಲಾಗಿರುತ್ತದೆ; ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದ ಕಡತದಲ್ಲಿ ಆ ಮಾಹಿತಿ ಉದುರಿಹೋಗಿರುತ್ತದೆ, ಹೆಸರಿನಲ್ಲಿ ಕಾಣುವ ದಿನಾಂಕವೂ ಫೋಟೊ ತೆಗೆದ ದಿನದ್ದಲ್ಲ. ಒಂದೇ ಚಿತ್ರ ನಾಲ್ಕು ಗುಂಪುಗಳಿಂದ ನಾಲ್ಕು ಸಲ ಬಂದು, ಪ್ರತಿ ಸಲವೂ ಕುಗ್ಗಿ, ನಾಲ್ಕು ಬೇರೆ ಕಡತಗಳಂತೆ ಕುಳಿತಿರುವುದೂ ಉಂಟು. ಅಂಥಲ್ಲಿ ಎಂಬೆಡಿಂಗ್‌ಗಳನ್ನೇ ಕೇಳಬೇಕು: ಕೊಸೈನ್ 0.9ರ ಆಸುಪಾಸು ಅಥವಾ ಅದಕ್ಕೂ ಮೇಲಿರುವ ಜೋಡಿಗಳನ್ನು ಕಣ್ಣಿಂದ ನೋಡಿ ಖಚಿತಪಡಿಸಿಕೊಂಡು ಒಂದೇ ಗುಂಪಿಗೆ ಹಾಕಬೇಕು. ಗುಂಪುಗಳಾದ ಮೇಲಷ್ಟೇ ತೂಕದ ಪ್ರಶ್ನೆ ಏಳುತ್ತದೆ.

ಗುಂಪುಗಳಾದವು, ಈಗ ಒಳ್ಳೆಯ ಫೋಟೊ ಮತ್ತು ಕೆಟ್ಟ ಫೋಟೊಗಳ ನಡುವೆ ತೂಕವನ್ನು ಹೇಗೆ ಹಂಚುವುದು? ಒಂದು ಫೋಟೊದ ಎಂಬೆಡಿಂಗ್‌ಗೂ ವ್ಯಕ್ತಿಯ ನಿಜವಾದ ಗುರುತಿನ ದಿಕ್ಕಿಗೂ ನಡುವಿನ ಕೊಸೈನನ್ನು r ಎನ್ನೋಣ. ಬೇರೆ ಬೇರೆ ಫೋಟೊಗಳ ಸಂದರ್ಭದ ಅಂಶಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಭಾವಿಸಿದರೆ, ಅತ್ಯುತ್ತಮ ತೂಕ `r / (1 − r²)` ಎಂದು ಲೆಕ್ಕದಿಂದ ಬರುತ್ತದೆ. ದೋಷ ಕಡಿಮೆಯಿದ್ದಷ್ಟೂ ತೂಕ ಹೆಚ್ಚು ಎಂಬ ಸಂಖ್ಯಾಶಾಸ್ತ್ರದ ಹಳೆಯ ನಿಯಮದ ರೂಪಾಂತರವಿದು. ಸ್ಟುಡಿಯೊದ ಒಂದು ಸ್ಪಷ್ಟ ಫೋಟೊಗೆ r = 0.8, ಕತ್ತಲಲ್ಲಿ ತೆಗೆದ ಗುಂಪಿನ ಚಿತ್ರಕ್ಕೆ r = 0.3 ಎಂದಿರಲಿ. ಎರಡನ್ನೂ ಸಮನಾಗಿ ಕೂಡಿಸಿದರೆ ಟೆಂಪ್ಲೇಟಿನ r 0.70ಕ್ಕೆ ಇಳಿಯುತ್ತದೆ, ಅಂದರೆ ಸ್ಟುಡಿಯೊ ಫೋಟೊ ಒಂದೇ ಇದ್ದಾಗ ಇದ್ದುದಕ್ಕಿಂತ ಕೆಳಗೆ. ಸೂತ್ರದ ಪ್ರಕಾರ ತೂಕ ಕೊಟ್ಟರೆ, ಅಂದರೆ ಸುಮಾರು 6.7ಕ್ಕೆ 1ರಂತೆ, ಸಿಗುವುದು 0.808.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕೆಟ್ಟ ಫೋಟೊವನ್ನು ಅತ್ಯಂತ ಜಾಣತನದಿಂದ ಬಳಸಿದಾಗ ಬಂದ ಲಾಭ 0.008; ಅದನ್ನು ಅಸಡ್ಡೆಯಿಂದ ಸೇರಿಸಿದಾಗ ಆದ ನಷ್ಟ 0.10. ತೂಕದ ಕೆಲಸ ಹೆಚ್ಚಿನ ಪಾಲು ಹಾನಿ ತಡೆಯುವುದೇ ಹೊರತು ಲಾಭ ಗಳಿಸುವುದಲ್ಲ. ಕತ್ತಲ ಫೋಟೊವನ್ನು ಪೂರ್ತಿ ಕೈಬಿಟ್ಟವರು ಕಳೆದುಕೊಳ್ಳುವುದು ಬಹಳ ಸ್ವಲ್ಪ. ಎಷ್ಟೋ ಸಲ ಕೈಬಿಡುವುದೇ ಮೇಲು, ಏಕೆಂದರೆ ಮಸುಕು ಮುಖಗಳ ಸಂದರ್ಭದ ಅಂಶಗಳು ನಿಜಕ್ಕೂ ಸ್ವತಂತ್ರವಾಗಿರುವುದಿಲ್ಲ. ತೀರ ಕಡಿಮೆ ಗುಣಮಟ್ಟದ ಮುಖಗಳು, ಯಾರದೇ ಆಗಿರಲಿ, ಎಂಬೆಡಿಂಗ್ ಲೋಕದಲ್ಲಿ ಒಂದು ಮೂಲೆಯಲ್ಲಿ ಒತ್ತಾಗಿ ಸೇರುವುದುಂಟು. ಆ ಮೂಲೆಯ ಕಡೆಗೆ ವಾಲಿದ ಟೆಂಪ್ಲೇಟು ಬೇರೆಯವರ ಮಸುಕು ಫೋಟೊಗಳನ್ನೂ ತನ್ನದೆಂದು ಒಪ್ಪಿಕೊಳ್ಳತೊಡಗುತ್ತದೆ.

ಆದರೆ r ನಮಗೆ ಹೇಗೆ ತಿಳಿಯಬೇಕು? ನಿಜವಾದ ಗುರುತಿನ ದಿಕ್ಕು ಕಣ್ಣಿಗೆ ಕಾಣುವ ವಸ್ತುವಲ್ಲ. ಇಲ್ಲಿ ಮನೋವಿಜ್ಞಾನದ ಅಳತೆಗಳಿಗಾಗಿ ಬೆಳೆದ ಅಂಶ ವಿಶ್ಲೇಷಣೆಯ ಒಂದು ಸರಳ ಉಪಾಯ ಒದಗಿಬರುತ್ತದೆ. ಸಂದರ್ಭದ ಅಂಶಗಳು ಸ್ವತಂತ್ರವಾಗಿದ್ದರೆ ಎರಡು ಫೋಟೊಗಳ ನಡುವಿನ ಕೊಸೈನ್ ಅವುಗಳ r ಗಳ ಗುಣಲಬ್ಧವೇ ಆಗಿರುತ್ತದೆ. ಹಾಗಾಗಿ ಮೂರು ಫೋಟೊಗಳಿದ್ದರೆ ಮೂರು ಕೊಸೈನ್‌ಗಳಿಂದ ಮೂರು r ಗಳನ್ನೂ ಬಿಡಿಸಿಕೊಳ್ಳಬಹುದು. ಪಾಸ್‌ಪೋರ್ಟ್ ಫೋಟೊ ಮತ್ತು ಮದುವೆಯ ಗುಂಪಿನ ನಡುವೆ 0.56, ಪಾಸ್‌ಪೋರ್ಟ್ ಮತ್ತು ಕತ್ತಲ ಫೋಟೊ ನಡುವೆ 0.24, ಮದುವೆ ಮತ್ತು ಕತ್ತಲ ಫೋಟೊ ನಡುವೆ 0.21 ಬಂದಿದೆ ಎನ್ನಿ. ಪಾಸ್‌ಪೋರ್ಟ್ ಫೋಟೊದ r ಬೇಕಾದರೆ ಅದು ಪಾಲ್ಗೊಂಡ ಎರಡು ಕೊಸೈನ್‌ಗಳನ್ನು ಗುಣಿಸಿ, ಪಾಲ್ಗೊಳ್ಳದ ಮೂರನೆಯದರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು: 0.56 × 0.24 ÷ 0.21 = 0.64, ವರ್ಗಮೂಲ 0.8. ಇದೇ ರೀತಿಯಲ್ಲಿ ಮದುವೆಯ ಗುಂಪಿಗೆ 0.7, ಕತ್ತಲ ಫೋಟೊಗೆ 0.3 ಬರುತ್ತದೆ. ತೂಕದ ಸೂತ್ರಕ್ಕೆ ಹಾಕಿದರೆ ಪಾಲುಗಳು ಕ್ರಮವಾಗಿ ಶೇ. 57, ಶೇ. 35 ಮತ್ತು ಶೇ. 8. ಹೀಗೆ ಕಟ್ಟಿದ ಟೆಂಪ್ಲೇಟಿನ r 0.860, ಮೂರಕ್ಕೂ ಸಮ ತೂಕ ಕೊಟ್ಟಿದ್ದರೆ 0.803. ಕತ್ತಲ ಫೋಟೊವನ್ನು ಬಿಟ್ಟು ಎರಡರಿಂದಲೇ ಕಟ್ಟಿದರೆ 0.856, ಹೆಚ್ಚುಕಡಿಮೆ ಅಷ್ಟೇ.

ಲೆಕ್ಕ ಚೆಂದವಾಗಿದೆ, ಆದರೆ ಅದನ್ನು ಎರಡು ಕಡೆ ಅನುಮಾನಿಸಬೇಕು. ಮೊದಲನೆಯದು ಅಲುಗಾಟ. ಆರಂಭದಲ್ಲಿ ಹೇಳಿದ 0.044ರ ತೂಗಾಟ ಇಲ್ಲಿ ಕೆಲಸಕ್ಕೆ ಬರುತ್ತದೆ. ಮದುವೆ ಮತ್ತು ಕತ್ತಲ ಫೋಟೊಗಳ ನಡುವಿನ 0.21 ಎಂಬುದು ಅಷ್ಟೇ ಸಣ್ಣ ಕಾರಣದಿಂದ 0.17 ಆಗಿದ್ದರೆ, ಪಾಸ್‌ಪೋರ್ಟ್ ಫೋಟೊದ r 0.89ಕ್ಕೆ ಜಿಗಿದು, ಮದುವೆಯದು 0.63ಕ್ಕೆ ಇಳಿಯುತ್ತದೆ. ಅವೆರಡರ ತೂಕದ ಅನುಪಾತ 1.6ರಿಂದ 4ಕ್ಕೆ ಹಾರುತ್ತದೆ. ಒಂದು ಸಣ್ಣ ಕೊಸೈನ್ ಛೇದದಲ್ಲಿ ಕುಳಿತಿರುವುದರ ಫಲವಿದು. ಆದ್ದರಿಂದ ಮೂರು ನಾಲ್ಕು ಫೋಟೊಗಳಷ್ಟೇ ಇರುವಾಗ ಲೆಕ್ಕ ಹೇಳಿದ ತೂಕವನ್ನು ಪೂರ್ತಿ ನಂಬದೆ, ಅದನ್ನು ಮತ್ತು ಸಮ ತೂಕವನ್ನು ಅರ್ಧರ್ಧ ಬೆರೆಸುವುದು, ತೀರ ಕೆಟ್ಟದ್ದನ್ನು ಮಾತ್ರ ಹೊರಗಿಡುವುದು ನಾನು ಅನುಸರಿಸುವ ಕ್ರಮ. ಫೋಟೊಗಳು ಹೆಚ್ಚಿದ್ದರೆ ಎಲ್ಲ ತ್ರಿವಳಿಗಳಿಂದಲೂ r ಲೆಕ್ಕಹಾಕಿ ಮಧ್ಯಾಂಕ ತೆಗೆದುಕೊಂಡರೆ ಅಲುಗಾಟ ತಗ್ಗುತ್ತದೆ.

ಎರಡನೆಯ ಅನುಮಾನ ಇನ್ನೂ ಗಂಭೀರವಾದದ್ದು. ಗುಂಪು ಮಾಡುವುದನ್ನು ಮರೆತು, ಒಂದೇ ಹೊತ್ತಿನ ಎರಡು ಫೋಟೊ ಮತ್ತು ಬೇರೆಯದೊಂದನ್ನು ಇದೇ ಸೂತ್ರಕ್ಕೆ ಕೊಟ್ಟರೆ ಏನಾಗುತ್ತದೆಂದು ನೋಡಿ. ಜೋಡಿಯ ನಡುವೆ 0.95, ಅವೆರಡಕ್ಕೂ ಮೂರನೆಯದಕ್ಕೂ 0.5. ಸೂತ್ರ ಜೋಡಿಗೆ ತಲಾ r = 0.975 ಕೊಟ್ಟು, ಒಂಟಿ ಫೋಟೊಗೆ 0.51 ಕೊಡುತ್ತದೆ. ತೂಕದಲ್ಲಿ ಜೋಡಿಯ ಪ್ರತಿಯೊಂದೂ ಒಂಟಿಯ 28 ಪಟ್ಟು. ಒಂಟಿ ಫೋಟೊ ಪಾಸ್‌ಪೋರ್ಟ್ ಕಚೇರಿಗೆ ತೆಗೆಸಿದ ಅತ್ಯುತ್ತಮ ಫೋಟೊ ಆಗಿದ್ದರೂ ಉತ್ತರ ಇದೇ. ಉಳಿದ ಫೋಟೊಗಳೊಡನೆ ಎಷ್ಟು ಹೊಂದುತ್ತದೆ ಎಂಬುದರ ಮೇಲೆ ತೂಕ ಕೊಡುವ ಯಾವ ವಿಧಾನಕ್ಕಾದರೂ ಈ ರೋಗವಿದೆ: ಪುನರಾವರ್ತನೆಯನ್ನು ಅದು ಗುಣವೆಂದು ತಿಳಿಯುತ್ತದೆ. ಒಂದೇ ಕನ್ನಡಕ, ಒಂದೇ ದಪ್ಪ ಗಡ್ಡ, ಒಂದೇ ಕೋಣೆಯ ಬೆಳಕು ಇದ್ದರೂ ಇದೇ ದೋಷ ಸ್ವಲ್ಪ ಸೌಮ್ಯವಾಗಿ ಬರುತ್ತದೆ. ಯಾವುದೋ ಫೋಟೊಗೆ r 0.95ಕ್ಕಿಂತ ಹೆಚ್ಚು ಅಥವಾ 1ಕ್ಕಿಂತಲೂ ಹೆಚ್ಚು ಬಂದರೆ, ಅದು ಅದ್ಭುತ ಫೋಟೊ ಎಂದಲ್ಲ, ಅದರ ಅವಳಿ ಎಲ್ಲೋ ಇರಬಹುದು ಎಂದು ಅರ್ಥ.

ಹೀಗಾಗಿ ಚಿತ್ರವನ್ನಷ್ಟೇ ನೋಡಿ ಗುಣಮಟ್ಟ ಹೇಳುವ ಎರಡನೆಯ ಸಾಕ್ಷ್ಯವೂ ಬೇಕಾಗುತ್ತದೆ. ಮುಖ ಪತ್ತೆ ಮಾಡುವ ಘಟಕ ಕೊಡುವ `det_score` ಎಲ್ಲಕ್ಕಿಂತ ಸುಲಭವಾಗಿ ಸಿಗುವಂಥದ್ದು, ಆದರೆ ಅದು ಉತ್ತರಿಸುವುದು ಇಲ್ಲಿ ಮುಖವಿದೆಯೇ ಎಂಬ ಪ್ರಶ್ನೆಗೆ. ಯಾರ ಮುಖವೆಂದು ಎಷ್ಟು ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದಕ್ಕಲ್ಲ. ಅರ್ಧ ಮುಖಕ್ಕೆ ಮಾಸ್ಕ್ ಹಾಕಿದ ಫೋಟೊಗೂ ಅದು ಒಳ್ಳೆಯ ಅಂಕ ಕೊಡಬಲ್ಲದು. 2020ರಲ್ಲಿ ಬಂದ ಸರ್-ಎಫ್‌ಐಕ್ಯು ವಿಧಾನ ಬೇರೆ ದಾರಿ ಹಿಡಿಯಿತು: ಜಾಲದ ಕೆಲವು ಘಟಕಗಳನ್ನು ಮನಬಂದಂತೆ ಆರಿಸಿ ಒಂದೇ ಚಿತ್ರವನ್ನು ಮತ್ತೆ ಮತ್ತೆ ಹಾಯಿಸಿದಾಗ ಎಂಬೆಡಿಂಗ್ ಎಷ್ಟು ಅಲುಗುತ್ತದೆ ಎಂಬುದನ್ನೇ ಗುಣಮಟ್ಟದ ಅಳತೆಯಾಗಿಸಿತು. ಒಂದು ವರ್ಷ ಮೊದಲು ಬಂದ ಪಿಎಫ್‌ಇ, ಪ್ರತಿ ಫೋಟೊಗೂ ಎಂಬೆಡಿಂಗ್ ಜೊತೆಗೆ ಪ್ರತಿ ಆಯಾಮದ ಅನಿಶ್ಚಿತತೆಯನ್ನೂ ಹೇಳುವಂತೆ ಜಾಲವನ್ನು ಕಲಿಸಿ, ಕೂಡಿಸುವಾಗ ಆಯಾಮವಾರು ತೂಕ ಕೊಟ್ಟಿತು. 2017ರ ಎನ್‌ಎಎನ್, ತೂಕವನ್ನೇ ನೇರವಾಗಿ ಕಲಿಯಿತು. ನನ್ನ ಮಟ್ಟಿಗೆ, ಕೆಲವೇ ಫೋಟೊಗಳ ಕೆಲಸಕ್ಕೆ ಮ್ಯಾಗ್‌ಫೇಸ್‌ನಂಥ ಮಾದರಿಯ ಉದ್ದ ಮತ್ತು ಮೇಲೆ ಹೇಳಿದ ಪರಸ್ಪರ ಹೋಲಿಕೆ, ಇವೆರಡೂ ಒಪ್ಪಿದಲ್ಲಿ ತೂಕ ಬದಲಿಸುವುದು, ಒಪ್ಪದಲ್ಲಿ ಫೋಟೊವನ್ನು ತೆರೆದು ಕಣ್ಣಿಂದ ನೋಡುವುದು ಸಾಕು.

ತೂಕ ತಗ್ಗಿಸಿ ಸರಿಪಡಿಸಲಾಗದ ಎರಡು ಸಂದರ್ಭಗಳಿವೆ. ಒಂದು, ಬೇರೆಯವರ ಫೋಟೊ ಸೇರಿಕೊಂಡಿರುವುದು. ಗುಂಪಿನ ಚಿತ್ರದಲ್ಲಿ ಪಕ್ಕದವರ ಮುಖವನ್ನು ಕತ್ತರಿಸಿಕೊಂಡಾಗ ಇದು ಆಗುತ್ತದೆ. ಅಂಥದ್ದು ಎಲ್ಲರೊಡನೆಯೂ ಸೊನ್ನೆಯ ಆಸುಪಾಸಿನ ಕೊಸೈನ್ ತೋರಿಸುತ್ತದೆ. ಪಕ್ಕದವರು ತಮ್ಮನೋ ತಂಗಿಯೋ ಆಗಿದ್ದರೆ ಸ್ವಲ್ಪ ಹೆಚ್ಚು ತೋರಿಸಿ ಕಷ್ಟ ಕೊಡುತ್ತದೆ. ಅದಕ್ಕೆ ಸಣ್ಣ ತೂಕವೂ ಸಲ್ಲದು, ತೆಗೆದುಹಾಕಬೇಕು. ಇನ್ನೊಂದು, ಫೋಟೊಗಳು ಎರಡು ದ್ವೀಪಗಳಾಗಿ ಒಡೆದಿರುವುದು: ಹದಿನೈದರ ವಯಸ್ಸಿನವು ತಮ್ಮೊಳಗೆ ಹೊಂದುತ್ತವೆ, ಐವತ್ತರವು ತಮ್ಮೊಳಗೆ ಹೊಂದುತ್ತವೆ, ನಡುವೆ ಹೊಂದಿಕೆ ಕಡಿಮೆ. ಇವೆರಡರ ಸರಾಸರಿ ಯಾವ ವಯಸ್ಸಿನ ಮುಖಕ್ಕೂ ಪೂರ್ತಿ ಹತ್ತಿರವಲ್ಲದ ನಡುಬಿಂದು. ಎರಡು ಟೆಂಪ್ಲೇಟು ಇಟ್ಟು ಹೆಚ್ಚಿನ ಅಂಕವನ್ನು ತೆಗೆದುಕೊಳ್ಳುವುದು ಲೇಸು, ಆದರೆ ಅಪರಿಚಿತರಿಗೂ ಎರಡು ಅವಕಾಶ ಸಿಕ್ಕಂತಾಗುವುದರಿಂದ ಒಪ್ಪಿಗೆಯ ಮಿತಿಯನ್ನು ತುಸು ಮೇಲಕ್ಕೆತ್ತಬೇಕು.

ಕ್ರಮವಿಡೀ ಕೋಡಿನಲ್ಲಿ ಕೆಲವೇ ಸಾಲು:

```python
import numpy as np

def unit(v):
    return v / np.linalg.norm(v)

def template(groups, weights):
    parts = [unit(sum(unit(v) for v in g)) for g in groups]
    return unit(sum(w * p for w, p in zip(weights, parts)))
```

`unit` ಮೂರು ಕಡೆ ಬಂದಿರುವುದನ್ನು ಗಮನಿಸಿ: ಪ್ರತಿ ಫೋಟೊಗೆ, ಪ್ರತಿ ಗುಂಪಿಗೆ, ಕೊನೆಯ ಟೆಂಪ್ಲೇಟಿಗೆ. ಬಿಡಿ ಎಂಬೆಡಿಂಗ್‌ಗಳನ್ನು ಎಸೆಯದೆ ಟೆಂಪ್ಲೇಟಿನ ಜೊತೆಗೇ ಇಟ್ಟುಕೊಳ್ಳಬೇಕು. ಇಲ್ಲವಾದರೆ ನಾಳೆ ಒಂದು ಫೋಟೊ ತಪ್ಪೆಂದು ತಿಳಿದಾಗ ಅದನ್ನು ಸರಾಸರಿಯಿಂದ ಬಿಡಿಸಲಾಗದು.

ಉಪನ್ಯಾಸದ ಕೊನೆಗೆ ಒಬ್ಬರು, ಮುಖ ಗುರುತಿಸಲು ಅಲ್ಲದೆ ಅದೇ ವ್ಯಕ್ತಿಯ ಹೊಸ ಚಿತ್ರ ಸೃಷ್ಟಿಸಲು ಈ ಸರಾಸರಿಯನ್ನು ಬಳಸುವಾಗಲೂ ಇದೇ ನಿಯಮವೇ ಎಂದು ಕೇಳಿದರು. ಗುಂಪು ಮತ್ತು ತೂಕದ ಮಾತು ಹಾಗೇ ಅನ್ವಯಿಸುತ್ತದೆ, ಉದ್ದದ ಮಾತು ಅನ್ವಯಿಸುವುದಿಲ್ಲ. ಕೊಸೈನ್ ಉದ್ದವನ್ನು ಲೆಕ್ಕಿಸುವುದಿಲ್ಲ, ಚಿತ್ರ ಸೃಷ್ಟಿಸುವ ಜಾಲ ಲೆಕ್ಕಿಸುತ್ತದೆ. ಅಂಥ ಚಿತ್ರ ಸೃಷ್ಟಿಯ ಸಾಧನಗಳಲ್ಲಿ ಐಪಿ-ಅಡಾಪ್ಟರ್ ಫೇಸ್‌ಐಡಿಗೆ ಕೊಡುವುದು `normed_embedding`. ಇನ್‌ಸ್ಟಂಟ್‌ಐಡಿಗೆ ಕೊಡುವುದು ಹಸಿ `embedding`. ಕೊಸೈನ್ 0.6 ಇರುವ ನಾಲ್ಕು ಏಕಮಾನ ವೆಕ್ಟರ್‌ಗಳ ಸರಾಸರಿಯ ಉದ್ದ 0.84 ಮಾತ್ರ, ಆದ್ದರಿಂದ ಮೊದಲನೆಯದಕ್ಕೆ ಅದನ್ನು ಮತ್ತೆ 1ಕ್ಕೆ ತರಬೇಕು. ಎರಡನೆಯದಕ್ಕೆ, ದಿಕ್ಕನ್ನು ಏಕಮಾನ ವೆಕ್ಟರ್‌ಗಳಿಂದ ಲೆಕ್ಕಹಾಕಿ, ಒಳ್ಳೆಯ ಫೋಟೊಗಳ ಹಸಿ ಉದ್ದದ ಮಧ್ಯಾಂಕದಿಂದ ಗುಣಿಸಿ ಕೊಡಬೇಕು. ಗಿಡ್ಡ ವೆಕ್ಟರ್ ಕೊಟ್ಟಾಗ ದೋಷಸಂದೇಶವೇನೂ ಬರುವುದಿಲ್ಲ, ಹೋಲಿಕೆ ಸಡಿಲವಾಗಬಹುದು ಅಷ್ಟೇ.

ಗುರುತಿಸುವ ಕೆಲಸಕ್ಕೇ ಮರಳಿದರೆ, ಟೆಂಪ್ಲೇಟು ಬಂದ ಮೇಲೆ ಹಳೆಯ ಮಿತಿಯನ್ನು ಹಾಗೇ ಉಳಿಸಿಕೊಳ್ಳಬಾರದು. ಪ್ರತಿ ಫೋಟೊದೊಡನೆಯೂ 0.25 ಹೋಲುತ್ತಿದ್ದ ಅಣ್ಣನ ಮುಖ, ಮೇಲಿನ ನಾಲ್ಕು ಫೋಟೊಗಳ ಟೆಂಪ್ಲೇಟಿನೊಡನೆ 0.30 ಹೋಲುತ್ತದೆ, ಏಕೆಂದರೆ ನಿಜವಾದ ವ್ಯಕ್ತಿಯ ಅಂಕವನ್ನು ಏರಿಸಿದ ಅದೇ 0.84ರ ಭಾಗಾಕಾರ ಅವರ ಅಂಕವನ್ನೂ ಏರಿಸುತ್ತದೆ. ಒಂದೊಂದು ಸಂದರ್ಭದ ಗುಂಪನ್ನೇ ಪೂರ್ತಿಯಾಗಿ ಹೊರಗಿಟ್ಟು, ಉಳಿದವುಗಳಿಂದ ಟೆಂಪ್ಲೇಟು ಕಟ್ಟಿ, ಹೊರಗಿಟ್ಟದ್ದರ ಅಂಕವನ್ನೂ ಹತ್ತಿರದ ಸಂಬಂಧಿಕರ ಅಂಕವನ್ನೂ ಒಟ್ಟಿಗೆ ಬರೆದುಕೊಂಡು, ಅವೆರಡರ ನಡುವೆ ಮಿತಿಯನ್ನು ಹೊಸದಾಗಿ ಇಡಬೇಕು. ಒಂದು ಫೋಟೊವನ್ನಷ್ಟೇ ಹೊರಗಿಟ್ಟು ಅದರ ಜೊತೆಯ ಫ್ರೇಮುಗಳನ್ನು ಒಳಗೇ ಬಿಟ್ಟರೆ, ಮದುವೆಯ ಉದಾಹರಣೆಯಲ್ಲಿ ಅಂಕ 0.80ರಷ್ಟು ಬರುತ್ತದೆ, ಆ ಅಂಕದಿಂದ ಏನೂ ತಿಳಿಯುವುದಿಲ್ಲ.